ಮಳೆಯೂರಿಗೆ ನೀರಿನ ಹಾಡು: ಬರೆಯುತ್ತಾ ಕಲಿತ ಆರು ಪಾಠಗಳು

ಬೀದಿ ನಾಟಕದ ತಂಡಗಳಿಗೆ, ಶಾಲೆಯ ಬೇಸಿಗೆ ಶಿಬಿರಗಳಿಗೆ ಹಾಡು ಬರೆದುಕೊಡುವುದು ನನ್ನ ಬಹುಕಾಲದ ಕೆಲಸ. ಮಂಗಳೂರಿನಲ್ಲಿ ನೀರು ಬಿಡುವ ದಿನಗಳನ್ನು ಲೆಕ್ಕ ಹಾಕಬೇಕಾಗಿ ಬಂದಾಗಲೆಲ್ಲ, ಅಂದರೆ 2016ರಲ್ಲಿ, 2019ರಲ್ಲಿ, 2023ರಲ್ಲಿ, "ನೀರಿನ ಬಗ್ಗೆ ಒಂದು ಹಾಡು ಬೇಕಿತ್ತು, ಜನರಿಗೆ ತಲುಪಬೇಕು, ಆದರೆ ಭಾಷಣದ ಹಾಗೆ ಇರಬಾರದು" ಎಂಬ ಬೇಡಿಕೆ ಬಂದಿದೆ. ಉಪದೇಶದ ವಾಸನೆ ಹಾಡಿಗೆ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ತೆಗೆಯಬಹುದು ಎಂಬುದನ್ನು ಒಂದೇ ಹಾಡನ್ನು ಎದುರಿಗಿಟ್ಟುಕೊಂಡು ಇಲ್ಲಿ ಹೇಳುತ್ತೇನೆ.

1. ನಮ್ಮೂರಿನ ಬರ ಯಾವುದೆಂದು ಮೊದಲು ತಿಳಿಯಬೇಕು

ನೀರಿನ ಹಾಡು ಎಂದೊಡನೆ ಬಿರುಕುಬಿಟ್ಟ ನೆಲ, ಬತ್ತಿದ ಕೆರೆ, ಆಕಾಶ ನೋಡುವ ರೈತ ಪೆನ್ನಿನ ತುದಿಗೆ ಬಂದುಬಿಡುತ್ತಾರೆ. ಇವು ಬಯಲುಸೀಮೆಯ ಸತ್ಯ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಬಂದು ಹೋಗುತ್ತದೆ. ಗುಡ್ಡದ ಇಳಿಜಾರು, ನೀರನ್ನು ಬೇಗ ಬಿಟ್ಟುಕೊಡುವ ಮುರಕಲ್ಲಿನ ನೆಲ, ಪಕ್ಕದಲ್ಲೇ ಕಡಲು. ನಗರಕ್ಕೆ ಕುಡಿಯುವ ನೀರು ನೇತ್ರಾವತಿಯದು. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರನ್ನು ನಗರಕ್ಕೆ ಪಂಪ್ ಮಾಡುತ್ತಾರೆ. ಏಪ್ರಿಲ್ ಹೊತ್ತಿಗೆ ಹೊಳೆಯ ಒಳಹರಿವು ನಿಂತರೆ, ನಿಂತ ನೀರಿನಲ್ಲೇ ಮುಂದಿನ ಮಳೆಯವರೆಗೆ ಊರು ದಿನ ದೂಡಬೇಕು.

ಹಾಗಾಗಿ ಇಲ್ಲಿಯ ಕಷ್ಟ ಮಳೆ ಇಲ್ಲದ್ದರದ್ದಲ್ಲ. ಬಂದ ಮಳೆ ನಿಲ್ಲದ್ದರದ್ದು, ಊರು ಬೆಳೆದಷ್ಟು ವೇಗದಲ್ಲಿ ಅದನ್ನು ನಿಲ್ಲಿಸುವ ಜಾಗ ಬೆಳೆಯದ್ದರದ್ದು. "ಮಳೆರಾಯ ಬಾರೋ" ಎಂಬ ಧಾಟಿಯಲ್ಲಿ ಬರೆದರೆ ಕೊಡೆ ಹಿಡಿದೇ ಬೆಳೆದ ಕೇಳುಗನಿಗೆ ಅದು ಬೇರೆ ಊರಿನ ಹಾಡು ಎಂದು ತಕ್ಷಣ ಗೊತ್ತಾಗುತ್ತದೆ. ತನ್ನದಲ್ಲದ ಕಷ್ಟದ ಮೇಲೆ ಬುದ್ಧಿ ಹೇಳಿಸಿಕೊಳ್ಳುವಾಗಲೇ ಜನ ಮುಖ ತಿರುಗಿಸುತ್ತಾರೆ.

2. ಕೇಳುಗನನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಬಾರದು

"ಉಳಿಸಿ", "ಬಳಸಿ", "ಎಚ್ಚರಗೊಳ್ಳಿ" ಎಂಬ ಕ್ರಿಯಾಪದಗಳು ಹಾಡಿಗೆ ಬಂದ ಕ್ಷಣ ಹಾಡುವವನು ಮೇಲೆ, ಕೇಳುವವನು ಕೆಳಗೆ ಎಂದಾಗುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ಕೇಳುವ ಹೆಂಗಸು ಆ ದಿನ ಎರಡು ಕೊಡ ನೀರಲ್ಲಿ ಮನೆ ನಡೆಸಿ ಬಂದಿರಬಹುದು. ಅವಳಿಗೆ ಮಿತವ್ಯಯ ಕಲಿಸುವುದು ಅನ್ಯಾಯ.

ನಾನು ಮಾಡುವುದು ಇಷ್ಟು: ಸಂಬೋಧನೆಯನ್ನು ಜನರಿಂದ ತೆಗೆದು ಊರಿನ ಯಾವುದಾದರೂ ವಸ್ತುವಿಗೆ ತಿರುಗಿಸುತ್ತೇನೆ. ಪಲ್ಲವಿ ಹೀಗೆ ಬಂತು:

ಮಳೆಯೂರ ಮನೆಯಲ್ಲಿ ಕೊಡ ಯಾಕೆ ಖಾಲಿ?
ಆಟಿಯಲಿ ಹೊಳೆಯಾದ ಬೀದಿಯೇ, ಹೇಳು.

ಪ್ರಶ್ನೆ ಬೀದಿಗೆ. ಉತ್ತರ ಕೊಡಬೇಕಾದವರು ಆ ಬೀದಿಯಲ್ಲಿ ನಿಂತವರೆಲ್ಲರೂ, ಹಾಡುವವನೂ ಸೇರಿ. ಆಟಿ ತಿಂಗಳ ಮಳೆಗೆ ರಸ್ತೆಯಲ್ಲಿ ಮೊಣಕಾಲು ನೀರು ದಾಟಿದ ನೆನಪು ಇಲ್ಲಿಯ ಎಲ್ಲರಿಗೂ ಉಂಟು. ಅದೇ ರಸ್ತೆಯಲ್ಲಿ ಬೇಸಿಗೆಗೆ ಟ್ಯಾಂಕರ್ ಕಾಯುವುದೂ ಗೊತ್ತುಂಟು. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು, ಉಳಿದದ್ದನ್ನು ಕೇಳುಗ ತಾನೇ ಜೋಡಿಸಿಕೊಳ್ಳುತ್ತಾನೆ.

3. ಇಡೀ ಊರನ್ನು ಬಿಟ್ಟು ಒಂದು ಮನೆಯ ಒಂದು ರಾತ್ರಿ

"ಜೀವಜಲ", "ಅಮೃತಬಿಂದು" ಎಂಬ ಪದಗಳು ಎಲ್ಲಿಯೂ ಸಲ್ಲುತ್ತವೆ, ಆದ್ದರಿಂದ ಯಾರ ಮನೆಯನ್ನೂ ಮುಟ್ಟುವುದಿಲ್ಲ. ಮೊದಲ ಚರಣಕ್ಕೆ ನಾನು ಹುಡುಕಿದ್ದು ನೀರು ಬಿಟ್ಟ ಗಳಿಗೆಯಲ್ಲಿ ಮನೆಯೊಳಗೆ ಏನಾಗುತ್ತದೆ ಎಂಬುದನ್ನು. ಪೈಪಿನ ಗಾಳಿ ಮೊದಲು ಸದ್ದು ಮಾಡುತ್ತದೆ, ಆಮೇಲೆ ನೀರು. ಯಾವ ಪಾತ್ರೆ ಮೊದಲು ಎಂಬುದಕ್ಕೆ ಪ್ರತಿ ಮನೆಯಲ್ಲೂ ಒಂದು ಕ್ರಮ ಇರುತ್ತದೆ.

ರಾತ್ರಿ ಮೂರಕೆ ನಲ್ಲಿ ಕೆಮ್ಮಿತೋ ಇಲ್ವೊ,
ಎದ್ದು ಬಂದಳು ಅಮ್ಮ ಕೊಡ ಹಿಡಿದುಕೊಂಡು.
ಅನ್ನಕ್ಕೆ ಒಂದು ಕೊಡ, ಅಜ್ಜಿಗಿನ್ನೊಂದು,
ಮೂರನೆಯ ಕೊಡ ತುಂಬೊ ಮೊದಲೆ ನಿಂತಿತ್ತು.

ಇಲ್ಲಿ ದುಃಖದ ಒಂದು ಪದವೂ ಇಲ್ಲ. ಎರಡೂವರೆ ಕೊಡ ನೀರಿನ ಲೆಕ್ಕ ಮಾತ್ರ. ತಾಲೀಮಿನಲ್ಲಿ ತಂಡದ ಹುಡುಗಿಯೊಬ್ಬಳು, "ಯಾವಾಗಲೂ ಅಮ್ಮನೇ ಯಾಕೆ ಏಳಬೇಕು ಸರ್?" ಎಂದು ಕೇಳಿದಳು. ನ್ಯಾಯವಾದ ಮಾತು. ಕೊಡ ಹೊತ್ತ ತಾಯಿಯನ್ನು ಹಾಡಿ ಹೊಗಳಿದರೆ ಆ ಹೊರೆ ಅವಳದೇ ಎಂದು ಒಪ್ಪಿದಂತಾಗುತ್ತದೆ. ಈಗ ಚರಣವನ್ನು ಎರಡು ಸಲ ಹಾಡುತ್ತೇವೆ. ಎರಡನೆಯ ಸಲ "ಎದ್ದು ಬಂದರು ಅಪ್ಪ" ಎಂದು. ಮಾತ್ರೆ ಒಂದಿಷ್ಟೂ ತಪ್ಪುವುದಿಲ್ಲ, ಅರ್ಥ ಮಾತ್ರ ಬೆಳೆಯುತ್ತದೆ.

4. ತಾಳ ಗಟ್ಟಿಯಿದ್ದರೆ ಮಾತು ಮೆತ್ತಗಿರಬಹುದು

ಭಾಷಣದ ಧಾಟಿ ಬರುವುದಕ್ಕೆ ಅರ್ಧ ಕಾರಣ ಛಂದಸ್ಸು. ಲಯ ಸಡಿಲವಾದ ಸಾಲನ್ನು ಹಾಡುವವರು ದನಿ ಏರಿಸಿ ತುಂಬುತ್ತಾರೆ, ಆಗ ಅದು ಘೋಷಣೆಯಾಗುತ್ತದೆ. ಈ ಹಾಡು ಐದು ಮಾತ್ರೆಯ ಗಣದಲ್ಲಿದೆ. ಸಾಲಿಗೆ ಅಂಥ ಮೂರು ಗಣ, ಕೊನೆಗೆ ಮೂರು ಮಾತ್ರೆ:

ಮಳೆಯೂರ | ಮನೆಯಲ್ಲಿ | ಕೊಡ ಯಾಕೆ | ಖಾಲಿ

ಮ, ಳೆ ಒಂದೊಂದು, ಯೂ ಎರಡು, ರ ಒಂದು: ಒಟ್ಟು ಐದು. "ಮನೆಯಲ್ಲಿ" ಎಂಬಲ್ಲಿ ಒತ್ತಕ್ಷರದ ಹಿಂದಿನ "ಯ" ಗುರುವಾಗಿ ಎರಡು ಎಣಿಕೆ ಪಡೆಯುತ್ತದೆ. ಕೊನೆಯಲ್ಲಿ ಉಳಿಯುವ ಎರಡು ಮಾತ್ರೆಯ ಜಾಗ ಉಸಿರು ತೆಗೆಯುವುದಕ್ಕೆ. ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಾಗುವುದು ಅಲ್ಲೇ. ಯಕ್ಷಗಾನ ನೋಡಿ ಬೆಳೆದ ಕಿವಿಗೆ ಐದರ ಈ ನಡೆ ಝಂಪೆ ತಾಳದಿಂದ ಪರಿಚಿತ. ಚೆಂಡೆ ಇಲ್ಲದಿದ್ದರೂ ಕೈಚಪ್ಪಾಳೆಯಲ್ಲಿ ಹಿಡಿಯಬಹುದು.

ಸಾಲು ತಪ್ಪಿದೆಯೇ ಎಂದು ತಿಳಿಯಲು ಸುಲಭದ ದಾರಿ, ಹಾಡನ್ನು ಮೊದಲ ಸಲ ಕೇಳುವ ಮಕ್ಕಳಿಂದ ಹೇಳಿಸುವುದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಮಾತ್ರೆ ಕೆಟ್ಟಿರುತ್ತದೆ, ಇಲ್ಲವೇ ಪದ ಅವರ ಬಾಯಿಯದಲ್ಲ. ಮಂಗಳೂರಿನ ಬೀದಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರು ಒಟ್ಟಿಗೆ ನಿಂತು ಕನ್ನಡ ಕೇಳುತ್ತಾರೆ. ಹಾಗಾಗಿ ಕೊಡ, ನಲ್ಲಿ, ಬಾವಿ, ಟ್ಯಾಂಕರ್ ಎಂಬಂಥ ಎಲ್ಲರ ಬಾಯಿಯ ಪದಗಳೇ ಬೇಕು.

5. ಹೊಣೆಯನ್ನು ಸರಿಯಾಗಿ ಹಂಚಬೇಕು

ತೊಟ್ಟಿಕ್ಕುವ ನಲ್ಲಿಯನ್ನು ಬೈಯುವ ಹಾಡು ಬರೆಯುವುದು ಸುಲಭ, ಏಕೆಂದರೆ ನಲ್ಲಿ ತಿರುಗಿ ಮಾತಾಡುವುದಿಲ್ಲ. ಆದರೆ ಎತ್ತರದ ಪ್ರದೇಶಕ್ಕೆ ಒತ್ತಡ ಸಾಲದೆ ನೀರು ಏರದಿರುವುದು, ರಸ್ತೆ ಅಗೆತಕ್ಕೆ ಒಡೆದ ಪೈಪು, ಹಣವಿದ್ದವರು ಟ್ಯಾಂಕರ್ ತರಿಸಿಕೊಳ್ಳುವುದು, ಇವೆಲ್ಲ ಮನೆಯ ಬಕೆಟಿನ ಆಚೆಗಿನ ವಿಷಯಗಳು. ಇವನ್ನು ಬಿಟ್ಟರೆ ಹಾಡು ಸುಳ್ಳಾಗುತ್ತದೆ. ಹೆಸರು ಹಿಡಿದು ಬೈದರೆ ಕರಪತ್ರವಾಗುತ್ತದೆ. ಕಂಡದ್ದನ್ನು ಕಂಡ ಹಾಗೆ ಇಡುವುದು ನಡುವಿನ ದಾರಿ:

ತುಂಬೆಯಲಿ ಮೀಟರಿನ ಲೆಕ್ಕ ಇಳಿವಾಗ
ಬೀದಿಯಲಿ ಟ್ಯಾಂಕರಿನ ಹಾರ್ನು ಏರುವುದು.
ಕಾಸಿದ್ದ ಮಹಡಿಯನು ತಾನಾಗಿ ಏರಿ
ಗುಡ್ಡದಾ ಮನೆ ದಾರಿ ಮರೆಯುವುದು ನೀರು.

ಬೇಸಿಗೆಯಲ್ಲಿ ಪತ್ರಿಕೆ ತೆರೆದರೆ ತುಂಬೆಯ ಮಟ್ಟ ಎಷ್ಟು ಮೀಟರ್ ಎಂಬ ಸುದ್ದಿ ಇದ್ದೇ ಇರುತ್ತದೆ, ಆದ್ದರಿಂದ "ಮೀಟರು" ಎಂಬ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಅಂಕಿಯನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಇವತ್ತಿನ ಮಟ್ಟ ಹಾಡಿನೊಳಗೆ ಬಂದರೆ ಮುಂದಿನ ವರ್ಷಕ್ಕೆ ಹಾಡು ಹಳಸುತ್ತದೆ.

6. ಪರಿಹಾರವನ್ನು ಹಾಡಿನ ಹೊರಗೆ, ಪೂರ್ತಿಯಾಗಿ ಹೇಳಬೇಕು

ಕೊನೆಯ ಚರಣಕ್ಕೆ ಬಂದಾಗ "ಮಳೆಕೊಯ್ಲು ಮಾಡೋಣ" ಎಂದು ಮುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅಲ್ಲಿ ಹಾಡು ಸರಕಾರಿ ಜಾಹೀರಾತಾಗುತ್ತದೆ. ನಾವು ಇಷ್ಟಕ್ಕೆ ನಿಲ್ಲಿಸುತ್ತೇವೆ:

ಪತ್ತನಾಜೆಯ ಹನಿಯು ಹಂಚನ್ನು ತಟ್ಟಿ
ಮೋರಿಯಲಿ ಕಡಲತ್ತ ಓಡಿದರೆ ಮತ್ತೆ,
ಬಾವಿಕಟ್ಟೆಯ ಹಗ್ಗ ಬರುವ ಪಗ್ಗುವಿಗೆ
ಎಷ್ಟುದ್ದ ಬೇಕೆಂದು ಕೇಳುವುದು ನಮ್ಮ.

ಪತ್ತನಾಜೆ ಮೇ ಕೊನೆಯ ವಾರದಲ್ಲಿ ಬರುತ್ತದೆ, ಮಳೆಗಾಲದ ಬಾಗಿಲು ಎಂದು ಇಲ್ಲಿ ನಂಬಿಕೆ. ಪಗ್ಗು ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗಿನ ಉರಿಬಿಸಿಲ ತಿಂಗಳು. ಇವೆರಡನ್ನು ಹೇಳಿದರೆ ಒಂದು ಇಡೀ ವರ್ಷದ ಲೆಕ್ಕ ಹೇಳಿದಂತೆ.

ಹಾಡು ಮುಗಿದ ಮೇಲೆ ತಂಡದ ಒಬ್ಬರು ಮುಂದೆ ಬಂದು ಸರಳ ಮಾತಿನಲ್ಲಿ ಒಂದು ಲೆಕ್ಕ ಬಿಡಿಸುತ್ತಾರೆ. 100 ಚದರ ಮೀಟರ್ ಮಾಡಿನ ಮೇಲೆ 3,500 ಮಿ.ಮೀ. ಮಳೆ ಬಿದ್ದರೆ 3.5 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ 2.8 ಲಕ್ಷ ಲೀಟರ್ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಸುಮಾರು 2 ಲಕ್ಷ ಲೀಟರ್. ಬೀಳುವುದು ಬೇಕಾದುದಕ್ಕಿಂತ ಹೆಚ್ಚು.

ಇದರ ಮಿತಿಯನ್ನೂ ಅದೇ ಉಸಿರಿನಲ್ಲಿ ಹೇಳುತ್ತೇವೆ. ಅಷ್ಟು ನೀರನ್ನು ನಾಲ್ಕು ತಿಂಗಳಲ್ಲಿ ತುಂಬಿಡುವ ಟ್ಯಾಂಕ್ ಸಾಮಾನ್ಯ ಮನೆಯಲ್ಲಿ ಇರುವುದಿಲ್ಲ. ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಬಹುದು, ಆದರೆ ಮುರಕಲ್ಲಿನಲ್ಲಿ ಅದರ ಒಂದಂಶ ಕೆಳಗಿನ ತೋಡಿನ ಕಡೆಗೆ ಜಾರುತ್ತದೆ. ಗುಡ್ಡದ ತುದಿಯ ಬಾವಿಗೂ ತಗ್ಗಿನ ಬಾವಿಗೂ ಒಂದೇ ಫಲ ಸಿಗದು. ಒಂದು ಮನೆ ಮಾಡಿದ್ದು ನೆರೆಮನೆಯ ಬಾವಿಗೆ ಹೋಗಬಹುದು, ಹಾಗಾಗಿ ಓಣಿಯವರು ಒಟ್ಟಾಗಿ ಮಾಡಿದರೆ ಒಳ್ಳೆಯದು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕದೆ ಮಣ್ಣಿನ ಜಾಗ ಉಳಿಸಿದರೂ ಸ್ವಲ್ಪ ಇಂಗುತ್ತದೆ. ಇಷ್ಟನ್ನು ಪ್ರಾಸದಲ್ಲಿ ಹೇಳಲಾಗದು, ಹೇಳಬಾರದು. ಹಾಡಿನ ಕೆಲಸ ಪ್ರಶ್ನೆಯನ್ನು ಮನೆಯವರೆಗೆ ಮುಟ್ಟಿಸುವುದು. ಉತ್ತರಕ್ಕೆ ಕಾಗದ, ಲೆಕ್ಕ, ಪೈಪು ಬೇಕು.

ನಿಮ್ಮ ಊರಿಗೆ ಇಂಥ ಹಾಡು ಬರೆಯುವವರಿದ್ದರೆ ಅವರಲ್ಲಿ ನನ್ನ ಕೋರಿಕೆ ಒಂದೇ. ಈ ಸಾಲುಗಳನ್ನು ಅನುಸರಿಸಬೇಡಿ. ಬರೆಯುವ ಮೊದಲು ಹತ್ತಿರದ ಓಣಿಗೆ ಹೋಗಿ ನೀರು ಯಾವ ಹೊತ್ತಿಗೆ ಬರುತ್ತದೆ, ಮೊದಲು ಯಾವ ಪಾತ್ರೆ ತುಂಬುತ್ತದೆ, ಯಾರು ತುಂಬುತ್ತಾರೆ ಎಂದು ಕೇಳಿ. ಬರೆದಾದ ಮೇಲೆ ಮೊದಲು ಅವರ ಎದುರೇ ಹಾಡಿ. ಅವರು ಒಪ್ಪಿದ ಮೇಲಷ್ಟೇ ಅದನ್ನು ವೇದಿಕೆಗೆ ತನ್ನಿ.