ಜೋಡಿ ಸೀಳಿನ ವಿನ್ಯಾಸದಲ್ಲಿ ಲುಪ್ತವಾಗುವ ಪಟ್ಟಿಗಳು

ಜೋಡಿ ಸೀಳಿನ ವ್ಯತಿಕರಣ ಪಟ್ಟಿಗಳೆಲ್ಲವೂ ಸಮಾನ ಕಾಂತಿಯುಳ್ಳವೆಂದು ಬರೆಯುವ ಪರೀಕ್ಷಾರ್ಥಿಯು, ಪ್ರತಿಯೊಂದು ಸೀಳೂ ತನ್ನ ಪರಿಮಿತ ಅಗಲದ ಕಾರಣದಿಂದ ವಿವರ್ತನೆಯನ್ನುಂಟುಮಾಡಿ ಆ ಪಟ್ಟಿಗಳ ತೀವ್ರತೆಗೆ ಮೇರೆಯನ್ನು ವಿಧಿಸುವುದೆಂಬುದನ್ನು ಗಮನಿಸತಕ್ಕದ್ದು. ಸೀಳಿನ ಅಗಲ a = 0.1 ಮಿ.ಮೀ., ಸೀಳುಗಳ ಕೇಂದ್ರಗಳ ಅಂತರ d = 0.3 ಮಿ.ಮೀ. ಆಗಿರಲಿ. ಪ್ರಕಾಶಮಾನ ಪಟ್ಟಿಗೆ d sinθ = mλ, ವಿವರ್ತನೆಯ ಶೂನ್ಯಕ್ಕೆ a sinθ = nλ; ಇವೆರಡೂ ಒಂದೇ ಕೋನದಲ್ಲಿ ಸಂಧಿಸಿದಾಗ m = n(d/a) ಆಗುವುದರಿಂದ 3, 6, 9ನೆಯ ಪಟ್ಟಿಗಳು ಲುಪ್ತವಾಗುವುವು. ಆ ದಿಕ್ಕಿನಲ್ಲಿ ಎರಡು ಸೀಳುಗಳ ಅಲೆಗಳು ಪರಸ್ಪರ ಪೋಷಕವಾಗಿರಬೇಕಾದರೂ, ಒಂದೊಂದು ಸೀಳಿನ ಬೆಳಕೂ ತನ್ನೊಳಗೆ ತಾನೇ ರದ್ದಾಗಿರುವುದರಿಂದ ಕೂಡಿಕೊಳ್ಳಲು ಏನೂ ಉಳಿಯದು. ಹೀಗೆ ವಿವರ್ತನೆಯ ಕೇಂದ್ರ ಹೊದಿಕೆಯೊಳಗೆ 5 ಪಟ್ಟಿಗಳು ಮಾತ್ರ ಕಾಣುವುವು. ಅಂಚಿನ ಎರಡನ್ನೂ ಸೇರಿಸಿ 7 ಎಂದೆಣಿಸುವುದು ತಪ್ಪು. d/a = 2.5 ಆದಲ್ಲಿ ಮೊದಲ ಶೂನ್ಯವು 2 ಮತ್ತು 3ನೆಯ ಪಟ್ಟಿಗಳ ನಡುವಣ ಕತ್ತಲೆಯಲ್ಲೇ ಬೀಳುವುದರಿಂದ, 5ನೆಯದೇ ಮೊದಲು ಮರೆಯಾಗುವುದು.