ಮನೆ ಓನರಿಗೆ ಒಂದು ಪತ್ರ

ಯಲಹಂಕದ ಹತ್ತಿರ ಅಟ್ಟೂರು ಇದೆ. ಅಲ್ಲಿ ಎರಡನೇ ಮಹಡಿಯ ಒಂದು ಬಾಡಿಗೆ ಮನೆ. ಆ ಮನೆಯಲ್ಲಿ ಒಬ್ಬಳು ತಂಗಿ ಇದ್ದಾಳೆ ಎಂದುಕೊಳ್ಳೋಣ. ಅವಳಿಗೆ ಬೆಣ್ಣೆ ಬಿಸ್ಕತ್ತು, ಕೇಕು ಮಾಡಲು ಚೆನ್ನಾಗಿ ಬರುತ್ತದೆ. ತಿಂದವರು, "ನಮಗೂ ಅರ್ಧ ಕೆ.ಜಿ. ಮಾಡಿಕೊಡಮ್ಮಾ, ದುಡ್ಡು ತಗೋ" ಅಂತಾರೆ. ಮನೆಯಲ್ಲೇ ಮಾಡಿ ಮಾರಬೇಕು ಅಂತ ಅವಳಿಗೂ ಆಸೆ.

ಮೆಟ್ಟಿಲ ಹತ್ತಿರ ಓನರ್ ಸಿಕ್ಕರು. ಕೇಳಿದಳು. "ಆಗ್ಲಿ ಬಿಡಮ್ಮಾ, ಮಾಡ್ಕೋ" ಅಂದರು. ಇಷ್ಟು ಸಾಕೇ? ಸಾಲದು. ನಾಳೆ ಕೆಳಗಿನ ಮನೆಯವರು ದೂರಿದರೆ ಓನರು, "ನಾನು ಯಾವಾಗ ಹೇಳ್ದೆ?" ಅನ್ನಬಹುದು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅವಳ ಮನಸ್ಸಿನಲ್ಲಿದ್ದದ್ದು ದಿನಾ ಎರಡು ಗಂಟೆಯ ಓವನ್ ಕೆಲಸ. ಅವರು ತಿಳಿದದ್ದು ಹಬ್ಬಕ್ಕೆ ಒಂದು ಡಬ್ಬ ಬಿಸ್ಕತ್ತು.

ಬಾಡಿಗೆ ಕರಾರನ್ನು ತೆಗೆದು ಓದೋಣ. ಹೆಚ್ಚಿನ ಕರಾರುಗಳಲ್ಲಿ "ವಾಸಕ್ಕೆ ಮಾತ್ರ" ಎಂಬ ಮಾತು ಇರುತ್ತದೆ. ಯಾವುದಕ್ಕೆಂದು ಮನೆ ಕೊಟ್ಟರೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಬಾರದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಹೇಳುತ್ತದೆ. ಬರಹದ ಒಪ್ಪಿಗೆ ಇಲ್ಲದಿದ್ದರೆ, ಮನೆ ಖಾಲಿ ಮಾಡಿ ಅನ್ನಲು ಅದೇ ನೆಪವಾಗುತ್ತದೆ. ಅಡ್ವಾನ್ಸ್ ಹಣಕ್ಕೂ ತಕರಾರು ಬರಬಹುದು.

ಓನರಿಗೆ ಏನು ಭಯ? ಮುಖ್ಯವಾಗಿ ಕರೆಂಟು. ಮೀಟರು ಸಾಮಾನ್ಯವಾಗಿ ಅವರ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಲೆಕ್ಕ ಹಾಕಿಯೇ ಪತ್ರ ಬರೆಯಬೇಕು. ತಂಗಿಯ ಓವನ್ 1500 ವ್ಯಾಟಿನದು. ಒಂದು ಗಂಟೆ ಪೂರ್ತಿ ಉರಿದರೆ ಒಂದೂವರೆ ಯೂನಿಟ್. ದಿನಕ್ಕೆ 2 ಗಂಟೆ ಎಂದರೆ 3 ಯೂನಿಟ್. ತಿಂಗಳಲ್ಲಿ 25 ದಿನ ಮಾಡಿದರೆ 75 ಯೂನಿಟ್. ಮನೆಗೆ ಮೊದಲೇ 90 ಯೂನಿಟ್ ಆಗುತ್ತಿತ್ತು. ಎರಡೂ ಸೇರಿ 165.

2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಶುರುವಾಯಿತಲ್ಲ, ಅದು ಮನೆ ಬಳಕೆಗೆ ಎಂದು ಮಾಡಿದ ಯೋಜನೆ. ಮನೆಯ ಹಳೆಯ ಬಳಕೆ ನೋಡಿ ಉಚಿತ ಯೂನಿಟ್ ಗೊತ್ತುಮಾಡುತ್ತಾರೆ. ಅದರ ಮೇಲಿನದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮದೇ. ಕ್ರಿಸ್‌ಮಸ್ ತಿಂಗಳಲ್ಲಿ ಕೇಕಿಗೆ ಬೇಡಿಕೆ ಬಂದು ದಿನಾ 4 ಗಂಟೆ ಓವನ್ ಹಾಕಿದರೆ ಅದೊಂದೇ 150 ಯೂನಿಟ್. ಒಟ್ಟು 240! ಆಮೇಲೆ ಓನರ ಮುಂದೆ ನಿಂತು ಕಣ್ಣು ಬಿಡುವುದಕ್ಕಿಂತ ಮೊದಲೇ ಹೇಳುವುದು ಮೇಲು. ಮಾರಾಟಕ್ಕೆ ಮಾಡುವಾಗ ಮನೆ ದರವೇ ನಡೆಯುತ್ತದೆಯೇ ಎಂದು ಬೆಸ್ಕಾಂ ಕಚೇರಿಯಲ್ಲಿ ಕೇಳಬೇಕು.

ವೈರಿನ ಮಾತೂ ಇದೆ. ಓವನನ್ನು ದಪ್ಪ ಪಿನ್ನಿನ ಪವರ್ ಪ್ಲಗ್ಗಿಗೇ ಹಾಕಬೇಕು. ಗೀಸರು, ಓವನ್ ಒಟ್ಟಿಗೆ ಹಾಕಬಾರದು. ಪ್ಲಗ್ಗು ಕೈಗೆ ಬಿಸಿ ತಾಗಿದರೆ, ಸುಟ್ಟ ವಾಸನೆ ಬಂದರೆ, ಸ್ವಿಚ್ಚು ಮತ್ತೆ ಮತ್ತೆ ಬಿದ್ದರೆ ಓವನ್ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು.

ಈಗ ತಂಗಿ ಬರೆದ ಪತ್ರ ಓದೋಣ.

ಅಟ್ಟೂರು
ದಿನಾಂಕ: ............

ಮನೆ ಮಾಲೀಕರಾದ ............ ಅವರಿಗೆ,

ಮಾನ್ಯರೇ,

ನಿಮ್ಮ ಎರಡನೇ ಮಹಡಿಯ ಮನೆಯಲ್ಲಿ ನಾವು ಬಾಡಿಗೆಗೆ ಇದ್ದೇವೆ. ಇದೇ ಮನೆಯ ಅಡುಗೆಮನೆಯಲ್ಲಿ ಬಿಸ್ಕತ್ತು, ಕೇಕು ಮಾಡಿ ಮಾರಲು ನಿಮ್ಮ ಒಪ್ಪಿಗೆ ಕೇಳುತ್ತಿದ್ದೇನೆ.

1500 ವ್ಯಾಟಿನ ಒಂದೇ ಓವನ್ ಇಡುತ್ತೇನೆ. ಬೆಳಿಗ್ಗೆ 10ರಿಂದ 12ರವರೆಗೆ ಹಾಕುತ್ತೇನೆ. ಹಬ್ಬದಲ್ಲಿ ಹೆಚ್ಚು ಹೊತ್ತು ಬೇಕಾದರೆ ಮೊದಲೇ ಕೇಳುತ್ತೇನೆ. ಕರೆಂಟು ಬಿಲ್ ಎಷ್ಟೇ ಬರಲಿ, ದರ ಬದಲಾದರೂ ನಾನೇ ಕಟ್ಟುತ್ತೇನೆ. ಗ್ಯಾಸ್ ಸಿಲಿಂಡರನ್ನು ಇದಕ್ಕೆ ಬಳಸುವುದಿಲ್ಲ. ಬೋರ್ಡು ಹಾಕುವುದಿಲ್ಲ. ಗಿರಾಕಿಗಳು ಮೇಲೆ ಬರುವುದಿಲ್ಲ, ನಾನೇ ಕೊಂಡುಹೋಗಿ ಕೊಡುತ್ತೇನೆ. ಕೆಲಸದವರನ್ನು ಇಟ್ಟುಕೊಳ್ಳುವುದಿಲ್ಲ. ಎಣ್ಣೆ, ಜಿಡ್ಡು ಸಿಂಕಿಗೆ ಸುರಿಯುವುದಿಲ್ಲ. ಗೋಡೆಗೆ ಮಸಿ ಹಿಡಿದರೆ ಸುಣ್ಣಬಣ್ಣ ಮಾಡಿಸಿಕೊಡುತ್ತೇನೆ.

ಮೂರು ತಿಂಗಳು ನೋಡಿ. ತೊಂದರೆ ಕಂಡರೆ ಹೇಳಿ, ನಿಲ್ಲಿಸುತ್ತೇನೆ.

ಇಂತಿ ನಿಮ್ಮ ಬಾಡಿಗೆದಾರಳು,
(ಸಹಿ)

ಮೇಲಿನ ಷರತ್ತುಗಳಿಗೆ ನನ್ನ ಒಪ್ಪಿಗೆ ಇದೆ.
ಮಾಲೀಕರ ಸಹಿ: ............ ದಿನಾಂಕ: ............

ಕೊನೆಯ ಸಾಲನ್ನು ಗಮನಿಸಿದಿರಾ? ಓನರು ಬೇರೆ ಪತ್ರ ಬರೆಯಬೇಕಾಗಿಲ್ಲ, ಸಹಿ ಹಾಕಿದರೆ ಸಾಕು. ಎರಡು ಪ್ರತಿ ಬರೆದು ಎರಡಕ್ಕೂ ಇಬ್ಬರೂ ಸಹಿ ಹಾಕಬೇಕು. ಒಂದು ಅವರಿಗೆ, ಒಂದು ನಮಗೆ. ಗ್ಯಾಸಿನ ಮಾತು ಸುಮ್ಮನೆ ಬರೆದದ್ದಲ್ಲ. ಮನೆಗೆ ಕೊಡುವ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ಒಂದು ಎಚ್ಚರಿಕೆ. ಕೈಲಾಗದ ಮಾತನ್ನು ಬರೆಯಬಾರದು. "ವಾಸನೆಯೇ ಬರುವುದಿಲ್ಲ" ಅಂತ ಬರೆದರೆ ಮೊದಲ ದಿನವೇ ಮಾತು ತಪ್ಪಿದ ಹಾಗೆ. ಕೇಕು ಬೇಯುವ ವಾಸನೆ ಬೀದಿಗೂ ಹೋಗುತ್ತದೆ.

ಓನರು ಒಪ್ಪಿದರೂ ಇನ್ನೊಂದು ಕೆಲಸ ಉಳಿದಿದೆ. ತಿಂಡಿ ಮಾಡಿ ಮಾರುವವರು, ಮನೆಯಲ್ಲೇ ಮಾಡಿದರೂ, 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಅಲ್ಲಿ ಫೋಟೋ, ಗುರುತಿನ ಚೀಟಿ ಬೇಕಾಗುತ್ತದೆ. ವಿಳಾಸದ ಪುರಾವೆ ಕೇಳಿದರೆ ಬಾಡಿಗೆ ಕರಾರಿನ ಜೊತೆ ಈ ಪತ್ರವನ್ನೂ ತೋರಿಸಬಹುದು.

ಮಾಡಿ ನೋಡಿ: ನಿಮ್ಮ ಮನೆಯ ಕರೆಂಟು ಬಿಲ್ ತನ್ನಿ. ಕಳೆದ ತಿಂಗಳು ಎಷ್ಟು ಯೂನಿಟ್ ಆಗಿದೆ? ಹುಡುಕಿ ಬರೆಯಿರಿ. ಅದಕ್ಕೆ 75 ಕೂಡಿಸಿ. 200 ದಾಟಿತೇ?