ಶೇ. 10ರ ಬಡ್ಡಿ ಶೇ. 23 ಆದ ಬಗೆ

ಕುಕ್ಕುವಾಡದ ಕಿರಾಣಿ ವರ್ತಕರೊಬ್ಬರ ಈ ಕಥೆ ಕಲ್ಪಿತ, ಲೆಕ್ಕ ವಾಸ್ತವ. ಅವರು ರೂ. 30,000 ಬೆಲೆಯ ಫ್ರಿಜ್ಜನ್ನು ಬಾಡಿಗೆ-ಖರೀದಿ ಯೋಜನೆಯಲ್ಲಿ ಪಡೆಯಲು ದಾವಣಗೆರೆಗೆ ಹೋದರು. ಮುಂಗಡ ರೂ. 6,000. ಉಳಿದ ರೂ. 24,000ಕ್ಕೆ ಶೇ. 10ರಂತೆ ಬಡ್ಡಿ ರೂ. 2,400. ತಿಂಗಳಿಗೆ ರೂ. 2,200ರಂತೆ 12 ಕಂತುಗಳು. ಆರಂಭದಲ್ಲೇ ತೆರಬೇಕಾದ ಶುಲ್ಕ ರೂ. 600. ಕೊನೆಯ ಕಂತು ತೀರುವವರೆಗೆ ಫ್ರಿಜ್ಜಿನ ಒಡೆತನ ಕಂಪನಿಯದೇ.

ವರ್ತಕರು ಸಹಿ ಮಾಡದೆ ಕರಾರುಪತ್ರದ ಪ್ರತಿಯನ್ನು ಮನೆಗೆ ತಂದು ಲೆಕ್ಕ ಹಾಕಿದರು. ಪ್ರತಿ ಕಂತಿನಲ್ಲಿ ಅಸಲು ರೂ. 2,000 ತೀರುತ್ತದೆ. ಮೊದಲ ತಿಂಗಳು ರೂ. 24,000 ಇರುವ ಬಾಕಿ ಕೊನೆಯ ತಿಂಗಳಿಗೆ ರೂ. 2,000ಕ್ಕೆ ಇಳಿಯುತ್ತದೆ. ಹೀಗಾಗಿ ವರ್ಷದುದ್ದಕ್ಕೂ ಉಳಿಯುವ ಬಾಕಿ ಸರಾಸರಿ ರೂ. 13,000 ಮಾತ್ರ, ಬಡ್ಡಿಯನ್ನಾದರೋ ಪೂರ್ತಿ ರೂ. 24,000ಕ್ಕೆ ಹಾಕಲಾಗಿದೆ. ಬಡ್ಡಿ ಹಾಗೂ ಶುಲ್ಕ ಸೇರಿ ರೂ. 3,000. ಅದನ್ನು 13,000ದಿಂದ ಭಾಗಿಸಿ 100ರಿಂದ ಗುಣಿಸಿದಾಗ ಸುಮಾರು 23 ಬಂದಿತು. ಅದೇ ನಿಜವಾದ ವಾರ್ಷಿಕ ದರ. ಕಂತುಗಳು ಸಮನಾಗಿದ್ದಾಗ ಈ ಅಂದಾಜು ಸಾಕಷ್ಟು ನಿಖರ.

ಬ್ಯಾಂಕುಗಳೂ ಬ್ಯಾಂಕೇತರ ಹಣಕಾಸು ಕಂಪನಿಗಳೂ 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ, ಶುಲ್ಕವೂ ಸೇರಿದ ವಾರ್ಷಿಕ ದರವನ್ನು ಪ್ರಮುಖ ಸಂಗತಿಗಳ ಪತ್ರದಲ್ಲಿ ನೀಡಬೇಕೆಂಬುದು ರಿಸರ್ವ್ ಬ್ಯಾಂಕಿನ ಆದೇಶ. ಸಹಿಗೆ ಮುನ್ನ ಆ ಪತ್ರವನ್ನು ಕೇಳಿ ಪಡೆಯುವಂತೆ ಸದಸ್ಯರು ಗ್ರಾಮಸ್ಥರಿಗೆ ತಿಳಿಸುವುದು.